ಕಂಪನಿ ಅಸಲಿ, ಪತ್ರ ನಕಲಿ

"ಸರ್, ಚೆಕ್ ಮಾಡಿಯೇ ದುಡ್ಡು ಹಾಕಿದ್ದು. ಜಿಎಸ್‌ಟಿ ನಂಬರ್ ಸರಿಯಾಗಿದೆ, ಕಂಪನಿ ನಿಜವಾಗಿಯೂ ಇದೆ." ನಕಲಿ ಉದ್ಯೋಗ ಪತ್ರ ನಂಬಿ ಹಣ ಕಳೆದುಕೊಂಡು ಬರುವ ಹುಡುಗರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಕಂಪನಿ ಇದೆ, ಯಾರು ಇಲ್ಲ ಅಂದರು? ಪತ್ರ ಕಳಿಸಿದವರು ಆ ಕಂಪನಿಯವರೇ ಎಂಬುದನ್ನು ಮಾತ್ರ ನೀವು ನೋಡಲಿಲ್ಲ. ಜಿಎಸ್‌ಟಿ ನಂಬರ್, ನೋಂದಣಿ ಸಂಖ್ಯೆ, ಲೋಗೋ, ವಿಳಾಸ ಎಲ್ಲವೂ ಯಾರಿಗೆ ಬೇಕಾದರೂ ಸಿಗುವಂಥವು. ಎತ್ತಿ ಅಂಟಿಸಲು ಹತ್ತು ನಿಮಿಷ ಸಾಕು.

ವಿಮಾನ ನಿಲ್ದಾಣದ ಗ್ರೌಂಡ್ ಸ್ಟಾಫ್ ಕೆಲಸದ ಪತ್ರವನ್ನೇ ನೋಡೋಣ. ಸಂಬಳ 28,500 ರೂಪಾಯಿ, ಫೋನಿನಲ್ಲೇ ಸಂದರ್ಶನ, ನೋಂದಣಿ ಶುಲ್ಕ 1,550. ಮೊದಲು ಮೇಲ್ ವಿಳಾಸದಲ್ಲಿ @ ಗುರುತಿನ ನಂತರದ ಭಾಗ ಓದಿ. ಅಲ್ಲಿ gmail.com ಇದ್ದರೆ, ಅಥವಾ ಕಂಪನಿಯ ಹೆಸರಿಗೆ -careers ಎಂದು ಬಾಲ ಸೇರಿಸಿದ್ದರೆ, ಅನುಮಾನ ಪಡಿ. ಆಮೇಲೆ ಕಂಪನಿಯ ಸ್ವಂತ ಜಾಲತಾಣದಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಿ. ಪತ್ರದಲ್ಲಿ ಕೊಟ್ಟ ನಂಬರಿಗೆ ಮಾಡಿದರೆ ಎತ್ತುವವನು ಅದೇ ವಂಚಕ. ಯುಪಿಐನಲ್ಲಿ ಪಿನ್ ಒತ್ತುವ ಮೊದಲು ಹಣ ಪಡೆಯುವವರ ಹೆಸರು ಕಾಣುತ್ತದೆ. ಅಲ್ಲಿ ಯಾರೋ ವ್ಯಕ್ತಿಯ ಹೆಸರಿದ್ದರೆ ಅಲ್ಲಿಗೇ ನಿಲ್ಲಿಸಿ. ಕಂಪನಿಯಂತೆ ಕಾಣುವ ಹೆಸರಿದ್ದರೂ ನಂಬಬೇಕಿಲ್ಲ, ಆ ಹೆಸರಿನಲ್ಲೂ ಖಾತೆ ತೆರೆಯುತ್ತಾರೆ.

1,550 ಕೇಳುವುದೇ ಲೆಕ್ಕಾಚಾರ. ಅಷ್ಟು ಕೊಟ್ಟವರು ಅದನ್ನು ಉಳಿಸಿಕೊಳ್ಳಲು ಯೂನಿಫಾರಂಗೆ 6,500, ತರಬೇತಿಗೆ 12,000 ಕೊಡುತ್ತಾರೆ. ಪ್ರತಿ ಸಲವೂ "ಮೊದಲ ಸಂಬಳದ ಜೊತೆ ವಾಪಸ್" ಎಂಬ ಭರವಸೆ. ಕೊನೆಗೆ ವಾಪಸ್ ಕೊಡುತ್ತೇವೆಂದು ಕ್ಯೂಆರ್ ಕೋಡ್ ಕಳಿಸುತ್ತಾರೆ. ಹಣ ಬರಲು ಪಿನ್ ಬೇಕಿಲ್ಲ. ಪಿನ್ ಒತ್ತಿದರೆ ಹಣ ಹೋಗುತ್ತದೆ.

ಶುಲ್ಕವೆಲ್ಲ ಮೋಸವೆಂದು ನಾನು ಹೇಳುವುದಿಲ್ಲ. ಸರ್ಕಾರಿ ನೇಮಕಾತಿಗೆ ಅರ್ಜಿ ಶುಲ್ಕವಿರುತ್ತದೆ, ಆದರೆ ಅದನ್ನು ಅಧಿಸೂಚನೆಯಲ್ಲಿ ಹೇಳಿದ ಜಾಲತಾಣದಲ್ಲೇ ಕಟ್ಟಬೇಕು. ವಿದೇಶದ ಕೆಲಸಕ್ಕೆ ನೋಂದಾಯಿತ ಏಜೆಂಟರು ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ. ಅವರ ಹೆಸರು emigrate.gov.in ನಲ್ಲಿರಬೇಕು.

ಇನ್ನು ಬ್ಯಾಂಕ್ ವಿವರ. ಸಂಬಳ ಹಾಕಲು ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಸಾಕು, ಅದೂ ಕೆಲಸಕ್ಕೆ ಸೇರಿದ ಮೇಲೆ. ಒಟಿಪಿ, ಎಟಿಎಂ ಕಾರ್ಡ್, ಖಾತೆಗೆ ಜೋಡಿಸಿದ ಸಿಮ್ ಯಾರೂ ಕೇಳಬಾರದು. "ಕಂಪನಿ ಹಣ ನಿಮ್ಮ ಖಾತೆಗೆ ಬರುತ್ತೆ, ಕಮಿಷನ್ ಇಟ್ಟುಕೊಂಡು ಮುಂದಕ್ಕೆ ಕಳಿಸಿ" ಅನ್ನುವ ಕೆಲಸವಂತೂ ಬೇಡವೇ ಬೇಡ. ಆ ಹಣ ಇನ್ನೊಬ್ಬರಿಂದ ಕದ್ದದ್ದು. ಖಾತೆ ಸ್ತಂಭನವಾಗಿ, ಬೇರೆ ರಾಜ್ಯದ ಪೊಲೀಸರ ನೋಟಿಸ್ ನಿಮ್ಮ ಮನೆಗೇ ಬರಬಹುದು.

ಹಣ ಹೋಗಿದ್ದರೆ ಮನೆಯವರು ಬೈದಾರೆಂದು ಕಾಯಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ ಅಥವಾ cybercrime.gov.in ನಲ್ಲಿ ದೂರು ಕೊಡಿ. ಹಣ ಮುಂದಿನ ಖಾತೆಗಳಿಗೆ ಹಂಚಿಹೋಗುವ ಮೊದಲು ತಡೆದರೆ ಮಾತ್ರ ಸಿಗುವ ಆಸೆ. ವಹಿವಾಟಿನ 12 ಅಂಕಿಯ ಯುಪಿಐ ಉಲ್ಲೇಖ ಸಂಖ್ಯೆ ಕೈಯಲ್ಲಿರಲಿ. ಸಿಟ್ಟಿಗೆ ವಾಟ್ಸ್‌ಆ್ಯಪ್ ಚಾಟ್ ಅಳಿಸಿಬಿಡಬೇಡಿ, ದೂರಿಗೆ ಅದೇ ಸಾಕ್ಷಿ.