ಹದಿನಾಲ್ಕು ಲೋಗೋದಲ್ಲಿ ಉಳಿದದ್ದು ಎರಡು: ಕನ್ಸಲ್ಟೆನ್ಸಿ ಸೈಟ್ ಬಗ್ಗೆ ನನ್ನ ಟಿಪ್ಪಣಿ

ವೆಬ್ ಡಿಸೈನ್ ಕಲಿಯುತ್ತಿರುವ ನನ್ನಂಥವರಿಗೆ ಇದನ್ನು ಬರೆದಿಡುತ್ತಿದ್ದೇನೆ. ಕಳೆದ ವರ್ಷ ಬೈಕಂಪಾಡಿಯ ಒಬ್ಬರು ಸರ್ ತಮ್ಮ ಸೈಟ್ ಸರಿ ಮಾಡಿಕೊಡಲು ಹೇಳಿದರು. ಅವರದ್ದು ಆಹಾರ ಸುರಕ್ಷತೆಯ ಕನ್ಸಲ್ಟೆನ್ಸಿ. ಗೇರುಬೀಜ ಫ್ಯಾಕ್ಟರಿ, ಮೀನು ಸಂಸ್ಕರಣೆ, ಬೇಕರಿ, ಇಂಥವರಿಗೆ ಐಎಸ್ಒ 22000 ಮತ್ತು ಹ್ಯಾಸಪ್ ಅನ್ನುವ ಆಹಾರ ಸುರಕ್ಷತಾ ಪದ್ಧತಿಗಳ ದಾಖಲೆ ತಯಾರು ಮಾಡಿ, ಆಡಿಟ್‌ಗೆ ಸಿದ್ಧ ಮಾಡಿಕೊಡುವ ಕೆಲಸ. ಹಳೆ ಸೈಟ್‌ನಲ್ಲಿ ಕ್ಲೈಂಟ್ ಲೋಗೋ 14, ಸರ್ಟಿಫಿಕೇಟ್ 6, ಐದು ಸ್ಟಾರ್ ರಿವ್ಯೂ 9 ಇದ್ದವು. ನೋಡಲು ಭರ್ಜರಿ. ಆದರೆ ಫೋನ್ ಮಾತ್ರ ಬರುತ್ತಿರಲಿಲ್ಲ.

ಯಾಕೆ ಅಂತ ನನಗೆ ಗೊತ್ತಾದದ್ದು ಕಾರ್ಕಳದಲ್ಲಿ. ಸರ್ ಜೊತೆ ಒಂದು ಗೇರುಬೀಜ ಫ್ಯಾಕ್ಟರಿಗೆ ಹೋಗಿದ್ದೆ. ಮಾಲೀಕರು ಫೋನ್‌ನಲ್ಲಿ ಸೈಟ್ ತೆರೆದು ಲೋಗೋಗಳನ್ನು ಬೆರಳಲ್ಲಿ ಸರಿಸುತ್ತಾ ಹೋದರು. ಒಂದರ ಮೇಲೆ ನಿಂತು, "ಇವರಿಗೆ ನೀವು ಎಂತ ಮಾಡಿಕೊಟ್ಟದ್ದು ಮಾರಾಯ್ರೇ? ನನ್ನ ಭಾವ ಅಲ್ಲೇ ಪರ್ಚೇಸ್‌ನಲ್ಲಿ ಇರುವುದು" ಅಂದರು. ಸರ್ ಮೆಲ್ಲ, "ಅರ್ಧ ದಿವ್ಸದ ಟ್ರೈನಿಂಗ್ ಕೊಟ್ಟದ್ದು" ಅಂದರು. ಅವರು ಏನೂ ಹೇಳಲಿಲ್ಲ, ಫೋನ್ ಕೆಳಗಿಟ್ಟರು. ಆಮೇಲೆ ಮಾತು ಪೂರ್ತಿ ಫೀಸ್ ಕಡಿಮೆ ಮಾಡುವ ಬಗ್ಗೆಯೇ ಆಯಿತು.

ನಮ್ಮ ಊರು ಎಷ್ಟು ಸಣ್ಣದು ಅಂದರೆ ಯಾವ ಕಂಪನಿಯ ಹೆಸರು ಹಾಕಿದರೂ ಅಲ್ಲಿ ನೋಡುವವನ ಭಾವನೋ ಕ್ಲಾಸ್‌ಮೇಟೋ ಇದ್ದೇ ಇರುತ್ತಾನೆ. ಒಂದು ಫೋನ್ ಕಾಲ್ ಸಾಕು. ಹಾಗಾಗಿ ನಾನು ಒಂದೇ ಪ್ರಶ್ನೆ ಇಟ್ಟುಕೊಂಡು ಇಡೀ ಪೇಜ್ ನೋಡಿದೆ: ಇದನ್ನು ನೋಡಿದವರು ಫೋನ್ ಮಾಡಿ ವಿಚಾರಿಸಿದರೆ ಏನು ಉತ್ತರ ಸಿಗುತ್ತದೆ?

ಲೋಗೋ

ಸರ್ ಎದುರಿಗೆ ಕೂತು 14 ಲೋಗೋಗಳನ್ನೂ ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಮುಂದೆ ನಿಜವಾಗಿ ಮಾಡಿದ ಕೆಲಸ ಬರೆಸಿದೆ. ಐದು ಕಡೆ ಅರ್ಧ ದಿನ ಅಥವಾ ಒಂದು ದಿನದ ಟ್ರೈನಿಂಗ್ ಮಾತ್ರ. ಮೂರು ಕಂಪನಿಗಳಲ್ಲಿ ಸರ್ ಹಿಂದೆ ಸಂಬಳಕ್ಕೆ ಕೆಲಸ ಮಾಡಿದವರು, ಅವು ಕ್ಲೈಂಟೇ ಅಲ್ಲ. ಎರಡು ಅವರು ಬಳಸುವ ಸಾಫ್ಟ್‌ವೇರ್‌ನ ಲೋಗೋ, ಹಿಂದಿನ ಡಿಸೈನರ್ ಜಾಗ ತುಂಬಿಸಲು ಹಾಕಿದ್ದು. ಇನ್ನೊಂದು ಕಡೆ ಕೆಲಸ ಮಾಡಿದ್ದು ನಿಜ, ಆದರೆ ಬೇರೆ ಕನ್ಸಲ್ಟೆನ್ಸಿಯ ಕೈಕೆಳಗೆ ಸಬ್‌ಕಾಂಟ್ರಾಕ್ಟ್‌ನಲ್ಲಿ, ಆ ಕ್ಲೈಂಟ್ ಇವರದ್ದಲ್ಲ. ಕೊನೆಗೆ ಪೂರ್ತಿ ಕೆಲಸ ಮಾಡಿಕೊಟ್ಟವರು ಅಂತ ಉಳಿದದ್ದು ಮೂವರು.

ಸರ್‌ಗೆ ಬೇಜಾರಾಯಿತು. "ಮೂರೇ ಹಾಕಿದರೆ ನಗ್ತಾರಲ್ಲ?" ಅಂದರು. ಟ್ರೈನಿಂಗ್ ಕೊಟ್ಟ ಐದನ್ನು ಬಿಸಾಡಬೇಕಿಲ್ಲ ಅಂತ ಹೇಳಿದೆ. ಟ್ರೈನಿಂಗ್ ಬಗ್ಗೆ ಇರುವ ಪೇಜ್‌ನಲ್ಲಿ "ಇಲ್ಲಿ ತರಬೇತಿ ನಡೆಸಿದ್ದೇವೆ" ಅಂತ ಹೆಸರುಗಳನ್ನು ಅಕ್ಷರದಲ್ಲಿ ಬರೆಯಬಹುದು, ಅವರ ಒಪ್ಪಿಗೆ ಇದ್ದರೆ. ಅರ್ಧ ದಿನದ ಟ್ರೈನಿಂಗ್ ಸಣ್ಣ ಕೆಲಸ ಅಂತ ಯಾರೂ ತಪ್ಪು ತಿಳಿಯುವುದಿಲ್ಲ, ಅದನ್ನು ಎರಡು ವರ್ಷದ ಕೆಲಸದ ಸಾಲಿನಲ್ಲಿ ನಿಲ್ಲಿಸಿದರೆ ಮಾತ್ರ ತೊಂದರೆ.

ಒಪ್ಪಿಗೆ ಅಂದೆ ಅಲ್ವಾ. ಕೆಲಸ ಮಾಡಿಕೊಟ್ಟಿದ್ದೇವೆ, ಬಿಲ್ ಇದೆ ಅಂದಮಾತ್ರಕ್ಕೆ ಲೋಗೋ ಹಾಕುವ ಹಕ್ಕು ಬರುವುದಿಲ್ಲ. ಲೋಗೋ ಅವರ ಟ್ರೇಡ್‌ಮಾರ್ಕ್. ಜೊತೆಗೆ ಎಷ್ಟೋ ಒಪ್ಪಂದಗಳಲ್ಲಿ ಗೌಪ್ಯತೆಯ ಷರತ್ತು ಇರುತ್ತದೆ, ನಾವು ಅವರಿಗೆ ಕೆಲಸ ಮಾಡುತ್ತಿದ್ದೇವೆ ಅನ್ನುವ ವಿಷಯವೇ ಅದರಲ್ಲಿ ಬರಬಹುದು. ಬಾಯಿಮಾತಿನ "ಹಾಕಿ ಮಾರಾಯ್ರೇ, ಅದಕ್ಕೆಂತ" ಸಾಲುವುದಿಲ್ಲ. ಹಾಗೆ ಹೇಳಿದ ಮ್ಯಾನೇಜರ್ ಮುಂದಿನ ವರ್ಷ ಅಲ್ಲಿ ಇರಬೇಕಲ್ಲ! ನಾವು ಕಳಿಸಿದ ಮೇಲ್ ಇಷ್ಟೇ:

"ನಮ್ಮ ಸೈಟ್‌ನ ಮೊದಲ ಪುಟದಲ್ಲಿ ನಿಮ್ಮ ಲೋಗೋ ಮತ್ತು ಅದರ ಕೆಳಗೆ ಈ ಒಂದು ಸಾಲು ಹಾಕಲು ಒಪ್ಪಿಗೆ ಕೇಳುತ್ತಿದ್ದೇವೆ. ಬೇರೆ ಎಲ್ಲೂ ಬಳಸುವುದಿಲ್ಲ. ತೆಗೆಯಿರಿ ಅಂತ ನೀವು ಹೇಳಿದರೆ ಏಳು ದಿನದೊಳಗೆ ತೆಗೆಯುತ್ತೇವೆ. ಒಪ್ಪಿಗೆ ಇದ್ದರೆ ಲೋಗೋ ಫೈಲ್ ಕಳಿಸಿ ಇದೇ ಮೇಲ್‌ಗೆ ಉತ್ತರಿಸಿ."

ಫೈಲ್ ಅವರ ಕೈಯಿಂದಲೇ ಕೇಳುವುದರಲ್ಲಿ ಒಂದು ಉಪಾಯ ಇದೆ. ಗೂಗಲ್‌ನಿಂದ ಇಳಿಸಿದ ಲೋಗೋ ಎಷ್ಟೋ ಸಲ ಹಳೆಯದು, ಮಸುಕು, ಸುತ್ತ ಬಿಳಿ ಚೌಕ ಬೇರೆ. ಅವರೇ ಕಳಿಸಿದರೆ ಸರಿಯಾದದ್ದು ಬರುತ್ತದೆ, ಒಪ್ಪಿಗೆಗೆ ಸಾಕ್ಷಿಯೂ ಆಗುತ್ತದೆ.

ಇಬ್ಬರು ಒಪ್ಪಿದರು. ಮೂರನೆಯದು ಮಲ್ಪೆಯ ಮೀನು ಸಂಸ್ಕರಣಾ ಘಟಕ. ಅವರ ಹೆಡ್ ಆಫೀಸ್ ಮುಂಬೈಯಲ್ಲಿ, ಅಲ್ಲಿಂದ "ಲೋಗೋ ಬೇಡ" ಅಂತ ಬಂತು. ಹೆಸರಿಲ್ಲದೆ ಬರೆದರೆ ಆಗಬಹುದಾ ಅಂತ ಕೇಳಿದಾಗ ಒಪ್ಪಿದರು. ಮಲ್ಪೆ ಅಂತ ಬರೆದರೆ ಗೊತ್ತಿರುವವರಿಗೆ ಗೊತ್ತಾಗಿಬಿಡುತ್ತದೆ, ಹಾಗಾಗಿ ಆ ಸಾಲನ್ನೂ ಮೊದಲು ಅವರಿಗೆ ತೋರಿಸಿಯೇ ಹಾಕಿದೆವು. ನನ್ನ ಲೆಕ್ಕದಲ್ಲಿ ಆ ಹೆಸರಿಲ್ಲದ ಸಾಲು ಲೋಗೋಗಿಂತ ಜಾಸ್ತಿ ಕೆಲಸ ಮಾಡುತ್ತಿದೆ, ಯಾಕೆಂದರೆ ಅದರಲ್ಲಿ ಏನು ಮಾಡಿದರು ಅಂತ ಇದೆ.

ಎರಡು ಲೋಗೋಗಳಿಗೂ ಅದೇ ರೀತಿ ಒಂದೊಂದು ಸಾಲು ಕೊಟ್ಟೆ. ಕೋಡ್ ಸರಳ:

```html
<figure>
  <img src="client1.svg" alt="ಸಂಸ್ಥೆಯ ಹೆಸರು" height="48">
  <figcaption>ಗೇರುಬೀಜ ಕಾರ್ಖಾನೆ, ಕಾರ್ಕಳ. ಐಎಸ್ಒ 22000
  ದಾಖಲೆ ಮತ್ತು ಆಂತರಿಕ ಆಡಿಟ್, 2 ವರ್ಷದಿಂದ.</figcaption>
</figure>
```

ಇಲ್ಲಿ `alt` ಒಳಗೆ ಸುಮ್ನೆ "ಲೋಗೋ" ಅಂತ ಬರೆಯಬೇಡಿ, ಕಂಪನಿಯ ಹೆಸರು ಬರೆಯಿರಿ. ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಓದುವುದು ಅದನ್ನೇ. ಲೋಗೋಗಳು ತಾವಾಗಿಯೇ ಓಡುವ ಪಟ್ಟಿ ಇರುತ್ತದಲ್ಲ, ಅದನ್ನೂ ತೆಗೆದೆ. ಅಷ್ಟು ಬೇಗ ಓಡಿದರೆ ಕೆಳಗಿನ ಸಾಲು ಯಾರು ಓದುತ್ತಾರೆ?

ಸರ್ಟಿಫಿಕೇಟ್

ನಾನು ಜಾಸ್ತಿ ಕಲಿತದ್ದು ಇಲ್ಲಿ. ಆರು ಸರ್ಟಿಫಿಕೇಟ್‌ಗಳೂ ಸ್ಕ್ಯಾನ್ ಮಾಡಿದ ಫೋಟೋ, ಒತ್ತಿದರೂ ದೊಡ್ಡದಾಗುವುದಿಲ್ಲ. ಜಿಎಸ್‌ಟಿ, ಉದ್ಯಮ್ ನೋಂದಣಿ, ದುಡ್ಡು ಕೊಟ್ಟು ತಗೊಂಡ ಒಂದು "ಬೆಸ್ಟ್ ಕನ್ಸಲ್ಟೆಂಟ್" ಪ್ರಶಸ್ತಿ, ಈ ಮೂರು ಮೊದಲೇ ಹೋದವು. ಉದ್ಯಮ್ ನೋಂದಣಿ ನಮ್ಮದೇ ಘೋಷಣೆಯ ಮೇಲೆ ಸಿಗುವಂಥದ್ದು, ಅದರಿಂದ ಕೆಲಸ ಗೊತ್ತಿದೆ ಅಂತ ಆಗುವುದಿಲ್ಲ. ಜಿಎಸ್‌ಟಿ ನಂಬರ್ ಪೇಜಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇದ್ದರೆ ಸಾಕು.

ಉಳಿದದ್ದು ಮೂರು: ಸರ್ ಪಾಸಾದ ಐಎಸ್ಒ 22000 ಲೀಡ್ ಆಡಿಟರ್ ಕೋರ್ಸ್, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಡೆಸುವ ಫೊಸ್ಟ್ಯಾಕ್ ತರಬೇತಿ ಕಾರ್ಯಕ್ರಮದ ಟ್ರೈನರ್ ಸರ್ಟಿಫಿಕೇಟ್, ಮತ್ತು ಅವರ ಆಫೀಸಿಗೇ ಸಿಕ್ಕಿದ, ಗುಣಮಟ್ಟ ನಿರ್ವಹಣೆಯ ಐಎಸ್ಒ 9001. ಮೇಲೆ ದೊಡ್ಡದಾಗಿ "ಐಎಸ್ಒ 22000 ಸರ್ಟಿಫೈಡ್ ಕನ್ಸಲ್ಟೆನ್ಸಿ" ಅಂತ ಬರೆದಿತ್ತು, ಪಕ್ಕದಲ್ಲಿ ನೀಲಿ ಐಎಸ್ಒ ಲೋಗೋ.

ಆ ಒಂದು ಸಾಲಿನಲ್ಲೇ ಎರಡು ತಪ್ಪು ಉಂಟು. ಮೊದಲನೆಯದು, ಕೋರ್ಸ್ ಪಾಸಾದದ್ದು ಒಬ್ಬ ವ್ಯಕ್ತಿ, ಕನ್ಸಲ್ಟೆನ್ಸಿ ಅಲ್ಲ. ಡ್ರೈವಿಂಗ್ ಲೈಸೆನ್ಸ್ ಇದೆ ಅಂತ ಕಾರಿಗೆ ಫಿಟ್ನೆಸ್ ಸರ್ಟಿಫಿಕೇಟ್ ಇದೆ ಅಂದ ಹಾಗಾಯಿತು. ಎರಡನೆಯದು, ಐಎಸ್ಒ ಅನ್ನುವ ಸಂಸ್ಥೆ ಯಾರಿಗೂ ಸರ್ಟಿಫಿಕೇಟ್ ಕೊಡುವುದಿಲ್ಲ. ಅದು ಮಾನದಂಡ ಬರೆಯುತ್ತದೆ ಅಷ್ಟೆ. ಆಡಿಟ್ ಮಾಡಿ ಸರ್ಟಿಫಿಕೇಟ್ ಕೊಡುವುದು ಬೇರೆ ಸಂಸ್ಥೆಗಳು, ಅವುಗಳಿಗೆ ಮಾನ್ಯತೆ ಕೊಡುವ ಭಾರತದ ಮಂಡಳಿ ಎನ್‌ಎಬಿಸಿಬಿ. ಐಎಸ್ಒ ಲೋಗೋ ಅವರ ಟ್ರೇಡ್‌ಮಾರ್ಕ್, ಸರ್ಟಿಫಿಕೇಟ್ ಇದ್ದವರೂ ಅದನ್ನು ಹಾಕುವ ಹಾಗಿಲ್ಲ. "ಐಎಸ್ಒ ಸರ್ಟಿಫೈಡ್" ಅಂತ ಮೊಟಕಾಗಿ ಬರೆಯುವುದನ್ನೂ ಅವರು ಒಪ್ಪುವುದಿಲ್ಲ, "ಐಎಸ್ಒ 9001:2015" ಅಂತ ವರ್ಷ ಸಮೇತ ಪೂರ್ತಿ ಬರೆಯಬೇಕು. ಬೇರೆಯವರ ಸೈಟ್ ಮಾಡುವಾಗ ಇದನ್ನು ಕ್ಷಮಿಸಬಹುದಿತ್ತೇನೋ. ಇವರು ಐಎಸ್ಒ ಹೇಳಿಕೊಡುವವರೇ ಅಲ್ವಾ, ಎಕ್ಸ್‌ಪೋರ್ಟ್ ಮಾಡುವ ಫ್ಯಾಕ್ಟರಿಯ ಕ್ವಾಲಿಟಿ ಮ್ಯಾನೇಜರ್ ನೋಡಿದ ಕೂಡಲೇ ಹಿಡಿಯುತ್ತಾನೆ.

ಇಷ್ಟಾದ ಮೇಲೆ ಐಎಸ್ಒ 9001 ಸರ್ಟಿಫಿಕೇಟನ್ನು ಹಿಗ್ಗಿಸಿ ನೋಡಿದೆ. ಅವಧಿ ಮುಗಿದು ಎಂಟು ತಿಂಗಳಾಗಿತ್ತು! ಇವು ಸಾಮಾನ್ಯವಾಗಿ ಮೂರು ವರ್ಷಕ್ಕೆ ಸಿಗುತ್ತವೆ, ನಡುವೆ ವರ್ಷಕ್ಕೊಮ್ಮೆ ಸರ್ವೇಲೆನ್ಸ್ ಆಡಿಟ್ ಆಗಬೇಕು, ಆಗದಿದ್ದರೆ ಕೊನೆಯ ದಿನಾಂಕ ಮುಂದೆ ಇದ್ದರೂ ಸಸ್ಪೆಂಡ್ ಆಗಿರಬಹುದು. ಆದ್ದರಿಂದ ಕಾಗದದ ಮೇಲಿನ ದಿನಾಂಕವನ್ನು ಮಾತ್ರ ನಂಬಬೇಡಿ. ಕೊಟ್ಟ ಸಂಸ್ಥೆಯ ಸೈಟ್‌ನಲ್ಲೋ iafcertsearch.org ನಲ್ಲೋ ಹುಡುಕಿ ನೋಡಿ. ಎರಡೂ ಕಡೆ ಸಿಗದಿದ್ದರೆ ಕೊಟ್ಟವರಿಗೇ ಮೇಲ್ ಮಾಡಿ ಕೇಳಿ.

ಇನ್ನೊಂದು ಜಾಗ ಎಲ್ಲರೂ ಬಿಡುವುದು, ಸ್ಕೋಪ್. ಸರ್ಟಿಫಿಕೇಟ್‌ನ ನಡುವಿನಲ್ಲಿ ಯಾವ ಕೆಲಸಕ್ಕೆ, ಯಾವ ವಿಳಾಸಕ್ಕೆ ಇದು ಅಂತ ಒಂದು ಸಾಲು ಇರುತ್ತದೆ. ಸರ್ ಅವರದ್ದರಲ್ಲಿ ತರಬೇತಿ ಸೇವೆ ಅಂತ ಮಾತ್ರ ಇತ್ತು, ಕನ್ಸಲ್ಟಿಂಗ್ ಇರಲೇ ಇಲ್ಲ. ಅಂದರೆ ಅವಧಿ ಇದ್ದಾಗಲೂ ಅದು ಅವರ ಮುಖ್ಯ ಕೆಲಸಕ್ಕೆ ಅನ್ವಯಿಸುತ್ತಿರಲಿಲ್ಲ.

ಈಗ ಫೋಟೋಗಳಿಲ್ಲ. ಫೋಟೋದ ಒಳಗಿನ ಅಕ್ಷರ ಮೊಬೈಲ್‌ನಲ್ಲಿ ಓದಲು ಆಗುವುದಿಲ್ಲ, ಮೇಲಾಗಿ ಸಹಿ ಇರುವ ಸ್ಪಷ್ಟ ಸ್ಕ್ಯಾನ್ ಸಿಕ್ಕಿದರೆ ಹೆಸರು ತಿದ್ದಿ ನಕಲಿ ಮಾಡುವವರು ಇದ್ದಾರೆ. ಅದರ ಬದಲು ಅಕ್ಷರದಲ್ಲೇ ಬರೆದೆ: ಯಾರಿಗೆ ಸಿಕ್ಕಿದ್ದು, ಯಾವುದರದ್ದು, ಕೊಟ್ಟವರು ಯಾರು, ನಂಬರ್, ಎಲ್ಲಿಯವರೆಗೆ.

"100% ಸರ್ಟಿಫಿಕೇಟ್ ಗ್ಯಾರಂಟಿ" ಅನ್ನುವ ಹಸಿರು ಪಟ್ಟಿ ಒಂದಿತ್ತು, ಅದನ್ನೂ ತೆಗೆಸಿದೆ. ಸರ್ಟಿಫಿಕೇಟ್ ಕೊಡುವ ಸಂಸ್ಥೆ ಕನ್ಸಲ್ಟೆಂಟ್‌ನಿಂದ ದೂರ ಇರಲೇಬೇಕು, ಇಂಥ ಕನ್ಸಲ್ಟೆಂಟ್ ಮೂಲಕ ಬಂದರೆ ಸುಲಭ ಅಂತ ಆ ಸಂಸ್ಥೆ ಸೂಚಿಸುವ ಹಾಗೂ ಇಲ್ಲ ಅಂತ ಅವರ ಮಾನದಂಡವೇ ಹೇಳುತ್ತದೆ. ಹೀಗಿರುವಾಗ ಗ್ಯಾರಂಟಿ ಅಂದರೆ ಒಳಗೊಳಗೆ ಏನೋ ಇದೆ ಅಂತ ಅರ್ಥ ಬರುತ್ತದೆ.

ರಿವ್ಯೂ

ಒಂಬತ್ತು ಗೂಗಲ್ ರಿವ್ಯೂಗಳೂ ಒಂದೇ ವಾರದಲ್ಲಿ ಬಂದವು, ಎಲ್ಲದರಲ್ಲೂ "ಉತ್ತಮ ಸೇವೆ". ಬರೆದವರು ಯಾರು ಅಂತ ಕೇಳಿದರೆ ಸರ್ ನಕ್ಕುಬಿಟ್ಟರು. ಮನೆಯವರೇ ಬರೆದದ್ದು ಗೂಗಲ್ ನಿಯಮಕ್ಕೆ ವಿರುದ್ಧ, ಡಿಸ್ಕೌಂಟ್ ಕೊಟ್ಟು ಬರೆಸುವುದೂ ವಿರುದ್ಧ, ಖುಷಿಯಾದವರನ್ನು ಮಾತ್ರ ಆರಿಸಿ ಕೇಳುವುದೂ ವಿರುದ್ಧ. ಕೇಳುವುದಾದರೆ ಕೆಲಸ ಮುಗಿದ ಎಲ್ಲರನ್ನೂ ಕೇಳಬೇಕು.

ಕೋಡ್ ಬರೆಯುವವರಿಗೆ ಒಂದು ಮಾತು. ಸೈಟ್‌ನಲ್ಲಿ ಸರಾಸರಿ ರೇಟಿಂಗ್ ತಿಳಿಸುವ `AggregateRating` ಕೋಡ್ ಹಾಕಿದರೆ ಗೂಗಲ್ ಹುಡುಕಾಟದಲ್ಲಿ ನಮ್ಮ ಹೆಸರಿನ ಕೆಳಗೆ ಹಳದಿ ಸ್ಟಾರ್ ಬರುತ್ತದೆ ಅಂತ ಇನ್ನೂ ಕೆಲವು ಕಡೆ ಹೇಳಿಕೊಡುತ್ತಾರೆ. ಒಂದು ಸಂಸ್ಥೆ ತನ್ನ ಬಗ್ಗೆ ತನ್ನದೇ ಸೈಟ್‌ನಲ್ಲಿ ಹಾಕಿಕೊಂಡ ರೇಟಿಂಗ್‌ಗೆ ಗೂಗಲ್ 2019ರಿಂದ ಸ್ಟಾರ್ ತೋರಿಸುವುದಿಲ್ಲ. ನಾನು ಅದರ ಮೇಲೆ ಒಂದು ಸಂಜೆ ಹಾಳು ಮಾಡಿದ್ದೇನೆ.

ನಾವು ಮಾಡಿದ್ದು ಹೀಗೆ. ಒಬ್ಬ ಬೇಕರಿಯವರನ್ನು ಎರಡು ಸಾಲು ಬರೆದುಕೊಡಿ ಅಂದಾಗ ಬರೆಯಲು ಪುರುಸೊತ್ತಿಲ್ಲ ಅಂತ ತುಳುವಿನಲ್ಲಿ ವಾಟ್ಸಪ್ ವಾಯ್ಸ್ ಕಳಿಸಿದರು. "ಚೆನ್ನಾಗಿದೆ" ಅಂತ ಎಲ್ಲೂ ಹೇಳಿರಲಿಲ್ಲ. ಮೊದಲ ಆಡಿಟ್‌ನಲ್ಲಿ ಕೋಲ್ಡ್ ರೂಮಿನ ತಾಪಮಾನ ಬರೆದಿಡದ್ದಕ್ಕೆ ತಪ್ಪು ಬಂದಿತ್ತು, ಸರ್ ಬಾಗಿಲಿಗೇ ಒಂದು ಚಾರ್ಟ್ ನೇತುಹಾಕಿಸಿ ಶಿಫ್ಟ್‌ಗೆ ಎರಡು ಸಲ ಬರೆಸಿದರು, ಮುಂದಿನ ಸಲ ಆ ತಪ್ಪು ಬರಲಿಲ್ಲ, ಆದರೆ ಸರ್ ಫೋನ್ ಎತ್ತುವುದು ಲೇಟ್, ಇಷ್ಟು ಹೇಳಿದ್ದರು. ಅದನ್ನು ಕನ್ನಡದಲ್ಲಿ ಬರೆದು, ಅವರಿಗೇ ಓದಿ ಹೇಳಿ, ಒಪ್ಪಿದ ಮೇಲೆ ಹಾಕಿದೆವು. ಫೋನ್ ಎತ್ತುವುದು ಲೇಟ್ ಅನ್ನುವುದನ್ನು ತೆಗೆ ಅಂತ ಸರ್ ಹೇಳಿದರು. ನಾನು ತೆಗೆಯಲಿಲ್ಲ. ಅದು ಇರುವುದರಿಂದಲೇ ಚಾರ್ಟ್‌ನ ಕಥೆ ನಿಜ ಅನಿಸುತ್ತದೆ.

ಅದನ್ನು "ರಿವ್ಯೂ" ಅಂತ ಬೇರೆ ಪೇಜ್ ಮಾಡಿ ಹಾಕಲಿಲ್ಲ. ಆಡಿಟ್ ತಯಾರಿಯ ಫೀಸ್ ಬರೆದ ಸಾಲಿನ ಕೆಳಗೆ ಇಟ್ಟೆ. ಇಷ್ಟು ದುಡ್ಡು ಯಾಕೆ ಅಂತ ಅನುಮಾನ ಬರುವ ಜಾಗ ಅದೇ.

ಐಎಸ್ಒ 9001 ಇದ್ದ ಜಾಗ ಈಗ ಇಲ್ಲ. ಕನ್ಸಲ್ಟಿಂಗ್ ಅನ್ನೂ ಸ್ಕೋಪ್‌ಗೆ ಸೇರಿಸಿ ಹೊಸದಾಗಿ ಆಡಿಟ್‌ಗೆ ಅರ್ಜಿ ಹಾಕಿದ್ದಾರೆ. "ಬರುವವರೆಗೆ ಹಳೆಯದೇ ಇರಲಿ, ಖಾಲಿ ಕಾಣ್ತದಲ್ಲ" ಅಂತ ಸರ್ ಎರಡು ಸಲ ಫೋನ್ ಮಾಡಿದರು. ಆ ಜಾಗಕ್ಕೆ ಮಲ್ಪೆಯ ಸಾಲನ್ನು ಎತ್ತಿಟ್ಟಿದ್ದೇನೆ.