ಫೈಲ್ ಊದಿಸುವ ಕಪ್ಪು ಪರದೆ

ಪ್ರಶ್ನೆ: ಊರಿನ ಬಯಲಾಟವನ್ನು ಕ್ಯಾಮೆರಾ ಟ್ರೈಪಾಡಿನ ಮೇಲಿಟ್ಟು ರಾತ್ರಿಯಿಡೀ ಚಿತ್ರೀಕರಿಸಿದ್ದೇನೆ. ಸಣ್ಣ ಫೈಲ್ ಮಾಡಲು ಹೋದರೆ ವೇಷಧಾರಿಯ ಮುಖ ಚೌಕಚೌಕವಾಗಿ ಒಡೆಯುತ್ತದೆ. ಮುಖ ಉಳಿಸಿಕೊಳ್ಳಲು ಹೋದರೆ ಫೈಲ್ ಊದಿಕೊಳ್ಳುತ್ತದೆ. ಹಗಲಿನ ವಿಡಿಯೊದಲ್ಲಿ ಈ ತಾಪತ್ರಯ ಇರುವುದಿಲ್ಲ. ಏನು ಮಾಡಲಿ?

ಉತ್ತರ: ಮುಖದ ಪಾಲಿನ ಬಿಟ್‌ಗಳನ್ನು ತಿಂದುಹಾಕುತ್ತಿರುವುದು ಅದರ ಹಿಂದಿರುವ ಕಪ್ಪು ಪರದೆ. ವಿಡಿಯೊವನ್ನು ನಿಲ್ಲಿಸಿ, ಪರದೆಯ ಒಂದು ಮೂಲೆಯನ್ನು ದೊಡ್ಡದು ಮಾಡಿ, ಒಂದೊಂದೇ ಫ್ರೇಮ್ ಮುಂದೆ ಸರಿಸಿ ನೋಡಿ. ಪರದೆ ಅಲುಗಾಡಿಲ್ಲ, ಆದರೂ ಅಲ್ಲಿ ಇರುವೆ ಮುತ್ತಿದಂತೆ ಕಾಳುಗಳು ಕುಣಿಯುತ್ತಿರುತ್ತವೆ. ಬೆಳಕು ಸಾಲದಾಗ ಕ್ಯಾಮೆರಾ ತನಗೆ ಸಿಕ್ಕ ಅಲ್ಪ ಸಂಕೇತವನ್ನು ಹಿಗ್ಗಿಸುತ್ತದೆ. ಅದರ ಜೊತೆಗೇ ಹಿಗ್ಗಿ ಬರುವ ನಾಯ್ಸ್ ಇದು.

ವಿಡಿಯೊವನ್ನು ಕಂಪ್ರೆಸ್ ಮಾಡುವ ಎನ್‌ಕೋಡರ್ ಪ್ರತಿ ಫ್ರೇಮನ್ನೂ ಹೊಸದಾಗಿ ಬರೆಯುವುದಿಲ್ಲ. ಹಿಂದಿನದಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಬರೆಯುತ್ತದೆ. ಹಗಲಿನ ಗೋಡೆಗೆ ಅದು ‘ಹಿಂದಿನಂತೆಯೇ’ ಎಂದು ಬರೆದು ಮುಗಿಸುತ್ತದೆ. ನಾಯ್ಸ್ ಇರುವ ಪರದೆಗೆ ಹಾಗೆ ಹೇಳಲಾಗದು, ಏಕೆಂದರೆ ಈ ಫ್ರೇಮಿನ ಕಾಳಿಗೂ ಹಿಂದಿನ ಫ್ರೇಮಿನ ಕಾಳಿಗೂ ಸಂಬಂಧವೇ ಇಲ್ಲ. ಊಹಿಸಲಾಗದ್ದನ್ನೆಲ್ಲ ಬರೆಯಲೇಬೇಕು. ಸೆಕೆಂಡಿಗೆ 8 ಮೆಗಾಬಿಟ್ ಕೊಟ್ಟರೆ ಗಂಟೆಗೆ 3.6 ಜಿಬಿ ಆಗುತ್ತದೆ. ಅದರಲ್ಲಿ ದೊಡ್ಡ ಪಾಲು ಯಾರೂ ನೋಡದ ಪರದೆಗೇ ಹೋದರೆ ಮುಖಕ್ಕೆ ಉಳಿಯುವುದೆಷ್ಟು?

ಆದ್ದರಿಂದ ಕಂಪ್ರೆಸ್ ಮಾಡುವ ಮೊದಲೇ ನಾಯ್ಸ್ ತೆಗೆಯಬೇಕು. ಟ್ರೈಪಾಡ್ ಬಳಸಿದ್ದು ನಿಮ್ಮ ಪುಣ್ಯ. ಅಲುಗದ ಚಿತ್ರದಲ್ಲಿ ಅಕ್ಕಪಕ್ಕದ ಫ್ರೇಮ್‌ಗಳನ್ನು ಒಂದರೊಡನೊಂದು ಬೆರೆಸಿ ಸರಾಸರಿ ತೆಗೆಯಬಹುದು: ನಾಲ್ಕು ಫ್ರೇಮ್‌ಗಳ ಸರಾಸರಿಯಲ್ಲಿ ನಾಯ್ಸ್ ಅರ್ಧಕ್ಕಿಳಿಯುತ್ತದೆ, ಚಿತ್ರದ ಗೆರೆಗಳು ಹಾಗೆಯೇ ಉಳಿಯುತ್ತವೆ. ಇದು ಕಾಲದ ದಿಕ್ಕಿನ ಶುದ್ಧಿ. ಒಂದೇ ಫ್ರೇಮಿನೊಳಗೆ ಪಕ್ಕದ ಪಿಕ್ಸೆಲ್‌ಗಳನ್ನು ಕಲೆಸುವುದು ಇನ್ನೊಂದು ದಾರಿ. ಅದು ನಾಯ್ಸ್ ಜೊತೆಗೆ ಕಸೆ ಸೀರೆಯ ಚೌಕಳಿಯನ್ನೂ ಮಸುಕು ಮಾಡುತ್ತದೆ, ಅದಕ್ಕೇ ಅದನ್ನು ಕಡಿಮೆ ಬಳಸಿ.

ಉಚಿತವಾಗಿ ಸಿಗುವ `ffmpeg` ತಂತ್ರಾಂಶದಲ್ಲಿ `hqdn3d` ಎಂಬ ಫಿಲ್ಟರ್ ಈ ಎರಡನ್ನೂ ಮಾಡುತ್ತದೆ. ಇಡೀ ರಾತ್ರಿಯ ಮೇಲೆ ಪ್ರಯೋಗ ಬೇಡ; ಕುಣಿತ ಇರುವ 20 ಸೆಕೆಂಡ್ ಸಾಕು. ಮೊದಲ ಸಾಲು ಫಿಲ್ಟರ್ ಇಲ್ಲದೆ, ಎರಡನೆಯದು ಫಿಲ್ಟರ್ ಹಾಕಿ.

```
ffmpeg -ss 00:10:00 -t 20 -i ata.mp4 -an -c:v libx264 -crf 20 -preset slow a.mp4
ffmpeg -ss 00:10:00 -t 20 -i ata.mp4 -an -vf hqdn3d=2:4:6:8 -c:v libx264 -crf 20 -preset slow b.mp4
```

ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ಫ್ರೇಮಿನೊಳಗಿನ ಕಲೆಸಾಟ, ಕೊನೆಯ ಎರಡು ಫ್ರೇಮ್‌ಗಳ ನಡುವಿನದು. ಪ್ರತಿ ಜೋಡಿಯಲ್ಲಿ ಮೊದಲನೆಯದು ಬೆಳಕಿಗೆ, ಎರಡನೆಯದು ಬಣ್ಣಕ್ಕೆ. ಬಣ್ಣದ ಅಂಕಿ ಹೆಚ್ಚಿರುವುದು ಬೇಕೆಂದೇ: ಬಣ್ಣದ ಸೂಕ್ಷ್ಮ ವಿವರ ಹೋದರೂ ಕಣ್ಣು ಅಷ್ಟಾಗಿ ಗಮನಿಸುವುದಿಲ್ಲ, ಆದರೆ ಕೆಂಪು-ಹಸಿರು ಮಚ್ಚೆಗಳು ಕಣ್ಣಿಗೆ ಚುಚ್ಚುತ್ತವೆ. ಗುಣಮಟ್ಟವನ್ನು ನಿಗದಿ ಮಾಡುವ `crf` ಎರಡರಲ್ಲೂ ಒಂದೇ ಇರುವುದರಿಂದ, ಫೈಲ್‌ಗಳ ಗಾತ್ರದಲ್ಲಿ ಕಾಣುವ ಅಂತರವೇ ನಾಯ್ಸ್‌ಗಾಗಿ ನೀವು ತೆರುತ್ತಿದ್ದ ಸುಂಕ.

ಗಾತ್ರ ಇಳಿದದ್ದಕ್ಕೆ ಹಿಗ್ಗಿ ಅಂಕಿಗಳನ್ನು ಏರಿಸುತ್ತಾ ಹೋಗಬೇಡಿ. ಎಡಿಟಿಂಗ್ ತಂತ್ರಾಂಶದಲ್ಲಿ ಮೂಲದ ಅದೇ ತುಣುಕಿನ ಮೇಲೆ `b.mp4` ಇಟ್ಟು, ಬೆರಕೆಯ ಬಗೆಯನ್ನು `Difference` ಮಾಡಿ, ಹೊಳಪು ಹೆಚ್ಚಿಸಿ ನೋಡಿ. ತೆರೆಯ ತುಂಬ ಗೊತ್ತುಗುರಿಯಿಲ್ಲದ ಕಾಳು ಮಾತ್ರ ಕಂಡರೆ ತೆಗೆದದ್ದು ಬಹುತೇಕ ನಾಯ್ಸ್. ಕಿರೀಟದ ಅಂಚು, ಭಾಗವತರ ಮೂಗುಬಾಯಿ ಸ್ಪಷ್ಟವಾಗಿ ಮೂಡಿದರೆ ಚಿತ್ರವನ್ನೇ ಕೆರೆದು ತೆಗೆಯುತ್ತಿದ್ದೀರಿ ಎಂದರ್ಥ; ಮೊದಲ ಅಂಕಿಯನ್ನು ಇಳಿಸಿ. ಇನ್ನೊಂದು ಕಡೆ ಕಣ್ಣಿಡಿ: ಈ ಫಿಲ್ಟರ್ ಚಲನೆಯ ಜಾಡು ಹಿಡಿಯುವುದಿಲ್ಲ. ದೀಪದ ಕೆಳಗೆ ವೇಷಧಾರಿ ಗಿರಕಿ ಹೊಡೆದರೆ ತೊಂದರೆಯಿಲ್ಲ, ವ್ಯತ್ಯಾಸ ದೊಡ್ಡದಾಗಿರುವಲ್ಲಿ ಅದು ಬೆರೆಸಲು ಹೋಗುವುದಿಲ್ಲ. ಕಪ್ಪು ಕೂದಲು ಕಪ್ಪು ಪರದೆಯ ಮುಂದೆ ಸರಿದಾಗ ಮಾತ್ರ ಹಿಂದೆ ಹೊಗೆಯಂಥ ಬಾಲ ಉಳಿಯುತ್ತದೆ. ಅದು ಕಂಡರೆ ಮೂರನೆಯ ಅಂಕಿಯನ್ನು 4ಕ್ಕೆ ತನ್ನಿ.

ಪೂರ್ತಿ ನುಣ್ಣಗೆ ಮಾಡಿದರೂ ಕಷ್ಟವೇ. ಪರದೆಯ ಮೇಲೆ ಬೆಳಕು ಮೆಲ್ಲಗೆ ಕರಗುವಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆಗಳು ಏಳುತ್ತವೆ, ಅವನ್ನು ಇಷ್ಟು ಹೊತ್ತು ಮರೆಸಿದ್ದೇ ಆ ಕಾಳುಗಳು. ಸ್ವಲ್ಪ ನಾಯ್ಸ್ ಉಳಿಸಿಯೇ ನಾನು ಕೈಬಿಡುತ್ತೇನೆ.

ಹೊಳಪು ಏರಿಸುವುದು, ಅಂಚು ಚೂಪು ಮಾಡುವುದು ಇದ್ದರೆ ನಾಯ್ಸ್ ತೆಗೆದ ಮೇಲೆ ಮಾಡಿ. ಮೊದಲೇ ಮಾಡಿದರೆ ಕಾಳುಗಳೂ ಕೊಬ್ಬುತ್ತವೆ. ಮೊಬೈಲಿನಲ್ಲಿ ತೆಗೆದದ್ದಾದರೆ ಹೆಚ್ಚು ಆಸೆ ಬೇಡ. ಅದು ಒಮ್ಮೆ ತಾನೇ ತಿಕ್ಕಿ, ಒಮ್ಮೆ ಕಂಪ್ರೆಸ್ ಮಾಡಿ ಕೊಟ್ಟಿರುತ್ತದೆ. ಬಿಡಿಬಿಡಿ ಕಾಳುಗಳು ಅಷ್ಟರಲ್ಲಿ ಕೂಡಿಕೊಂಡು ದಪ್ಪ ಮಚ್ಚೆಗಳಾಗಿರುತ್ತವೆ, ಅವುಗಳ ಮೇಲೆ ಈ ಫಿಲ್ಟರಿನ ಆಟ ಅಷ್ಟಾಗಿ ನಡೆಯುವುದಿಲ್ಲ.