ದೊಡ್ಡ ಸ್ಕ್ಯಾನ್ ಫೈಲಿನಿಂದ ಬೇಕಾದ ಪುಟಗಳನ್ನಷ್ಟೇ ತೆಗೆಯುವುದು ಹೇಗೆ?

ಪ್ರಶ್ನೆ: ಎಪಿಗ್ರಾಫಿಯಾ ಕರ್ನಾಟಿಕದ ಬೆಂಗಳೂರು ಜಿಲ್ಲೆ ಸಂಪುಟದ ಸ್ಕ್ಯಾನ್ ನನ್ನ ಬಳಿ ಇದೆ. ನೆಲಮಂಗಲ ತಾಲ್ಲೂಕಿನ ಶಾಸನಗಳು ಮಾತ್ರ ಸಾಕು. ಪ್ರಿಂಟ್ ಕೊಟ್ಟು ಪಿಡಿಎಫ್ ಆಗಿ ಸೇವ್ ಮಾಡಿದರೆ ಆಗುತ್ತಾ?

ಆಗುತ್ತದೆ, ಆದರೆ ನಾನು ಹಾಗೆ ಮಾಡುವುದಿಲ್ಲ. ಪ್ರಿಂಟ್ ಕೊಟ್ಟಾಗ ಕಂಪ್ಯೂಟರ್ ಪ್ರತಿ ಪುಟವನ್ನೂ ಹೊಸದಾಗಿ ಬರೆಯುತ್ತದೆ. ಚಿತ್ರ ಮಸುಕಾಗಬಹುದು, ಫೈಲ್ ಉಬ್ಬಬಹುದು. ಚಿತ್ರದ ಹಿಂದೆ ಅಡಗಿರುವ, ಹುಡುಕಾಟಕ್ಕೆ ಬರುವ ಅಕ್ಷರಗಳು ಎಷ್ಟೋ ಸಲ ಹೋಗಿಬಿಡುತ್ತವೆ. qpdf ಎಂಬ ಉಚಿತ ಪ್ರೋಗ್ರಾಂ ಚಿತ್ರವನ್ನು ಮುಟ್ಟದೆ, ಪುಟವನ್ನು ಇದ್ದ ಹಾಗೇ ಎತ್ತಿಡುತ್ತದೆ.

ನಿಜವಾದ ತೊಡಕು ಪುಟದ ಸಂಖ್ಯೆಯಲ್ಲಿದೆ. ಪುಸ್ತಕದಲ್ಲಿ ಅಚ್ಚಾದ ಸಂಖ್ಯೆ qpdf‌ಗೆ ಗೊತ್ತಿಲ್ಲ. ಅದು ರಕ್ಷಾಪುಟದಿಂದಲೇ 1, 2, 3 ಅಂತ ಎಣಿಸುತ್ತದೆ. ಬಿ.ಎಲ್. ರೈಸ್ ಸಂಪಾದಿಸಿದ ಈ ಸಂಪುಟಗಳಲ್ಲಿ ಇನ್ನೊಂದು ಪೇಚಿದೆ. ಕನ್ನಡ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ ಬೇರೆ ಬೇರೆ ಭಾಗಗಳಲ್ಲಿವೆ, ಪುಟಸಂಖ್ಯೆಯೂ ಬೇರೆ ಬೇರೆ. ಅಂದರೆ 40ನೇ ಪುಟ ಒಂದಕ್ಕಿಂತ ಹೆಚ್ಚು ಕಡೆ ಸಿಗುತ್ತದೆ! ಒಂದೇ ತಾಲ್ಲೂಕು ಮೂರು ಜಾಗದಲ್ಲಿ ಹಂಚಿಹೋಗಿರುತ್ತದೆ.

ಹಾಗಾಗಿ ಫೈಲನ್ನು ತೆರೆದು, ಪ್ರತಿ ಭಾಗದಲ್ಲೂ ನೆಲಮಂಗಲ ಶುರುವಾಗುವ ಪುಟಕ್ಕೆ ಹೋಗಿ. ಆಗ ಓದುವ ಕಿಟಕಿಯ ಮೇಲೆ ಕಾಣುವ ಸಂಖ್ಯೆಯನ್ನು ಬರೆದುಕೊಳ್ಳಿ. ಮುಗಿಯುವ ಪುಟಕ್ಕೂ ಹಾಗೇ ಮಾಡಿ. ಒಂದು ಪುಟ ನೋಡಿ ‘ವ್ಯತ್ಯಾಸ 16’ ಅಂತ ಲೆಕ್ಕ ಹಾಕಿಕೊಂಡು ಮುಂದೆ ಹೋಗಬೇಡಿ. ನಡುವೆ ಸಂಖ್ಯೆಯಿಲ್ಲದ ಚಿತ್ರಪುಟ ಬಂದರೆ ಆ ಲೆಕ್ಕ ತಪ್ಪುತ್ತದೆ.

ನಿಮಗೆ 61–78, 203–219, 388–409 ಸಿಕ್ಕಿತು ಅಂದುಕೊಳ್ಳೋಣ (ಇವು ಉದಾಹರಣೆಗೆ ಮಾತ್ರ). ಫೈಲ್ ಇರುವ ಫೋಲ್ಡರಿನಲ್ಲಿ ಕಮಾಂಡ್ ಕಿಟಕಿ ತೆರೆದು, `ec9.pdf` ಇರುವಲ್ಲಿ ನಿಮ್ಮ ಫೈಲಿನ ಹೆಸರು ಹಾಕಿ, ಹೀಗೆ ಟೈಪ್ ಮಾಡಿ:

```
qpdf --empty --pages ec9.pdf 61-78,203-219,388-409 -- nelamangala.pdf
```

ಕೊನೆಯ ಹೆಸರಿಗೆ ಮೊದಲು ಬರುವ ಎರಡು ಗೆರೆಗಳನ್ನು ಬಿಡಬೇಡಿ, ಪುಟಗಳ ಪಟ್ಟಿ ಅಲ್ಲಿಗೆ ಮುಗಿಯಿತು ಅನ್ನುವುದಕ್ಕೆ ಅವು ಬೇಕು. `--empty` ಹಾಕಿದ್ದರಿಂದ ಹಳೆಯ ಬುಕ್‌ಮಾರ್ಕ್‌ಗಳು ಬರುವುದಿಲ್ಲ. ಬಂದಿದ್ದರೂ ಜಾಸ್ತಿ ಪಾಲು ಇಲ್ಲದ ಪುಟಗಳನ್ನೇ ತೋರಿಸುತ್ತಿದ್ದವು, ಸುಮ್ನೆ ಕಿರಿಕಿರಿ.

ಈಗ ಹೊಸ ಫೈಲಿನ ಗಾತ್ರ ನೋಡಿ. ಇಲ್ಲಿ ತೆಗೆದದ್ದು 57 ಪುಟ. ಮೂಲ 570 ಪುಟ, 200 ಎಂಬಿ ಇದ್ದರೆ ಇದು 20 ಎಂಬಿಯ ಆಸುಪಾಸು ಬರಬೇಕು. ಹೆಚ್ಚೂಕಡಿಮೆ 200 ಎಂಬಿಯೇ ಉಳಿದಿದ್ದರೆ, ಎಲ್ಲ ಪುಟಗಳ ಚಿತ್ರಗಳೂ ಒಂದೇ ಸಾಮಾನ್ಯ ಪಟ್ಟಿಯಲ್ಲಿವೆ, ಪುಟದ ಜೊತೆ ಇಡೀ ಪಟ್ಟಿಯೇ ಬಂದಿದೆ ಅನ್ನುವ ಅನುಮಾನ ಪಡಬಹುದು. ಆಗ `qpdf` ಪದ ಆದ ಕೂಡಲೇ, `--empty`ಗೆ ಮೊದಲು ಇದನ್ನು ಸೇರಿಸಿ, ಅದೇ ಆದೇಶವನ್ನು ಮತ್ತೆ ಕೊಡಿ:

```
--remove-unreferenced-resources=yes
```